ಹತ್ತು ಸಾವಿರ ಪೌಚಿಗೆ ಮೊದಲು ಇಪ್ಪತ್ತೈದು

ಹುಬ್ಬಳ್ಳಿಯಲ್ಲಿ ಮನೆಯಿಂದಲೇ ಶೇಂಗಾ ಚಟ್ನಿಪುಡಿ ಮಾಡಿ ಮಾರುವ ಮಹಿಳೆಯೊಬ್ಬರು ಇದ್ದಾರೆಂದು ಇಟ್ಟುಕೊಳ್ಳೋಣ. ಇಷ್ಟು ದಿನ ಅಂಗಡಿಯಲ್ಲಿ ಸಿಗುವ ಖಾಲಿ ಪೌಚಿಗೆ ಸ್ಟಿಕ್ಕರ್ ಅಂಟಿಸಿ ನಡೆಸಿದರು. ಈಗ ಬೇಡಿಕೆ ಹೆಚ್ಚಿದೆ, ತಮ್ಮದೇ ಹೆಸರು ಅಚ್ಚಾದ 200 ಗ್ರಾಮಿನ ಪೌಚು ಬೇಕು. ತಯಾರಕರನ್ನು ಕೇಳಿದರೆ ಬರುವ ಮೊದಲ ಉತ್ತರ, ಕಡಿಮೆಯೆಂದರೆ ಹತ್ತು ಸಾವಿರ ತಗೋಬೇಕು ಎಂಬುದು. ಇದರಲ್ಲಿ ಮೋಸವೇನಿಲ್ಲ. ಈ ಮುದ್ರಣದಲ್ಲಿ ಒಂದೊಂದು ಬಣ್ಣಕ್ಕೂ ಒಂದೊಂದು ಸಿಲಿಂಡರ್ ಕೊರೆಸಬೇಕು. ಯಂತ್ರಕ್ಕೆ ಅದನ್ನು ಜೋಡಿಸಿ ಬಣ್ಣ ಸರಿಹೊಂದಿಸುವಷ್ಟರಲ್ಲೇ ಸಾಕಷ್ಟು ಫಿಲ್ಮ್ ಹಾಳಾಗುತ್ತದೆ. ನೂರು ಪೌಚಿಗಾಗಿ ಅಷ್ಟು ಮಾಡಲು ಯಾರಿಗೂ ಕಟ್ಟುವುದಿಲ್ಲ.

ಹಾಗಾಗಿ ಆರ್ಡರ್ ಕೊಡುವ ಮೊದಲು ಸ್ಯಾಂಪಲ್ ಕೇಳುವುದು ವಾಡಿಕೆ. ಇಲ್ಲಿ ಯಾವುದು ಪುಕ್ಕಟೆ ಬರುತ್ತದೆ, ಯಾವುದು ಬರುವುದಿಲ್ಲ ಎಂಬುದು ಗೊತ್ತಿದ್ದರೆ ಮಾತು ಸಲೀಸು. ನಿಮ್ಮ ಹೆಸರು ಅಚ್ಚಾದ ಪೌಚನ್ನು ಸುಮ್ಮನೆ ಕೇಳಬಾರದು, ಅದಕ್ಕೆ ಸಿಲಿಂಡರೇ ಬೇಕು. ಅದೇ ಪದರಗಳ, ಅದೇ ಅಳತೆಯ ಅಚ್ಚಿಲ್ಲದ ಪೌಚು ಅಥವಾ ಬೇರೆ ಪಾರ್ಟಿಗೆ ಮಾಡಿ ಉಳಿದದ್ದು ಗೋದಾಮಿನಲ್ಲಿ ಬಿದ್ದೇ ಇರುತ್ತದೆ. ಅದನ್ನು ಕೊಡಲು ಹೆಚ್ಚಿನವರು ಹಿಂದೆಮುಂದೆ ನೋಡುವುದಿಲ್ಲ. ಕೊರಿಯರ್ ಖರ್ಚು ಮಾತ್ರ ನಿಮ್ಮದು ಎನ್ನುತ್ತಾರೆ. ಹಾಗೆಂದು ಅವರಿಗೂ ಅದು ಪೂರ್ತಿ ಪುಕ್ಕಟೆಯಲ್ಲ. ಜಿಎಸ್‌ಟಿ ಕಾಯ್ದೆಯ 17(5) ಕಲಮಿನ ಪ್ರಕಾರ ಪುಕ್ಕಟೆ ಸ್ಯಾಂಪಲ್ಲಾಗಿ ಕೊಟ್ಟ ಮಾಲಿನ ಮೇಲೆ ಕಟ್ಟಿದ ತೆರಿಗೆಯನ್ನು ತಯಾರಕರು ಇನ್‌ಪುಟ್ ಕ್ರೆಡಿಟ್ ಆಗಿ ಹಿಂದಕ್ಕೆ ಪಡೆಯುವಂತಿಲ್ಲ. ಇಷ್ಟಾದರೂ ಕೊಡುತ್ತಾರೆ, ಆರ್ಡರ್ ಬರುವ ಲಕ್ಷಣ ಕಂಡರೆ. ‘ಸ್ಯಾಂಪಲ್ ಕಳಿಸಿ’ ಎಂಬ ಎರಡು ಪದದ ಮೆಸೇಜಿಗೆ ಉತ್ತರ ಬಾರದಿರಲು ಕಾರಣವೂ ಅದೇ.

ಹೀಗೆ ಬರೆದರೆ ಬರುತ್ತದೆ: ‘ನಮ್ಮದು ಶೇಂಗಾ ಚಟ್ನಿಪುಡಿ, ಎಣ್ಣೆಯಂಶ ಹೆಚ್ಚು. 200 ಗ್ರಾಂ, ಝಿಪ್ ಇರುವ ನಿಲ್ಲುವ ಪೌಚು ಬೇಕು. ಅಗಲ 130 ಮಿ.ಮೀ., ಎತ್ತರ 200 ಮಿ.ಮೀ., ತಳದ ಮಡಿಕೆ 35+35. ಪಿಇಟಿ 12 ಮೈಕ್ರಾನ್, ಮೆಟಲೈಸ್ಡ್ ಪಿಇಟಿ 12, ಪಾಲಿ 60. ಮೊದಲ ಆರ್ಡರ್ ಹತ್ತು ಸಾವಿರ. ಇದೇ ಪದರಗಳ ಅಚ್ಚಿಲ್ಲದ 25 ಪೌಚು ಕಳಿಸಿ, ಪದರದ ವಿವರ ಚೀಟಿಯಲ್ಲಿ ಬರೆದಿಡಿ. ಕೊರಿಯರ್ ನಾವು ಕೊಡುತ್ತೇವೆ.’ ಓದಿದವರಿಗೆ ಈಕೆ ಲೆಕ್ಕ ಹಾಕಿಯೇ ಕೇಳುತ್ತಿದ್ದಾರೆ ಎಂಬುದು ತಿಳಿಯುತ್ತದೆ. ಇಪ್ಪತ್ತೈದು ಏಕೆಂದರೆ ಒಂದೆರಡರಲ್ಲಿ ಕೈಯಿಂದ ಮುಟ್ಟಿ ನೋಡುವುದಷ್ಟೇ ಆಗುತ್ತದೆ. ಇಲ್ಲಿ ಅರ್ಧದಷ್ಟನ್ನು ಹಾಳು ಮಾಡಿಯೇ ನೋಡಬೇಕಾಗಿದೆ.

ಮೊದಲು ಕತ್ತರಿ. ಒಂದು ಪೌಚಿನ ಮುಂಭಾಗದಿಂದ, ಝಿಪ್ಪನ್ನೂ ಅಂಚಿನ ಸೀಲನ್ನೂ ಬಿಟ್ಟು, 10 ಸೆಂ.ಮೀ. ಉದ್ದ 10 ಸೆಂ.ಮೀ. ಅಗಲದ ಒಂಟಿ ಹಾಳೆ ಕತ್ತರಿಸಿ. ಚಿನ್ನ ತೂಗುವ ಸಣ್ಣ ತಕ್ಕಡಿಯಲ್ಲಿ, ಅಂದರೆ ಗ್ರಾಮಿನ ನೂರನೇ ಭಾಗ ತೋರಿಸುವಂಥದ್ದರಲ್ಲಿ ತೂಗಿ. ಪಿಇಟಿ ಒಂದು ಮೈಕ್ರಾನಿಗೆ ಚದರ ಮೀಟರಿಗೆ ಸುಮಾರು 1.4 ಗ್ರಾಂ ತೂಗುತ್ತದೆ, ಪಾಲಿ 0.92 ಗ್ರಾಂ. ಮೇಲಿನ ಮೂರೂ ಪದರ ಸೇರಿದರೆ 89 ಗ್ರಾಂ ಹತ್ತಿರ. ಪದರ ಅಂಟಿಸಿದ ಗೋಂದಿಗೆ ಮೂರು ನಾಲ್ಕು ಗ್ರಾಂ ಕೂಡಿಸಿ, 93 ಎನ್ನಿ. ನಿಮ್ಮ ತುಂಡು ಅದರ ನೂರನೇ ಒಂದು ಭಾಗ, ಹಾಗಾಗಿ 0.93 ಗ್ರಾಂ ಆಸುಪಾಸು ತೋರಿಸಬೇಕು. 0.84 ತೋರಿಸಿದರೆ ಪಾಲಿ 60 ಅಲ್ಲ, 50 ಇದ್ದೀತು ಎಂದು ಅನುಮಾನಿಸಲು ಕಾರಣವಿದೆ. ಪೌಚನ್ನು ಕಿಲೋ ಲೆಕ್ಕದಲ್ಲಿ ಕೊಂಡರೆ ತೆಳ್ಳಗಾದಷ್ಟೂ ನಿಮಗೆ ಹೆಚ್ಚು ಪೌಚು ಸಿಗುತ್ತದೆ. ಒಂದಕ್ಕಿಷ್ಟು ಎಂದು ಕೊಂಡರೆ ಆ ಹತ್ತು ಮೈಕ್ರಾನಿನ ಉಳಿತಾಯ ಅವರ ಜೇಬಿಗೆ. ಕೊಟೇಶನ್ ಯಾವ ಲೆಕ್ಕದ್ದೆಂದು ನೋಡಿಕೊಳ್ಳದೆ ಎರಡು ಕಂಪನಿಗಳ ದರ ಹೋಲಿಸುವುದು ವ್ಯರ್ಥ.

ಆಮೇಲೆ ಸೀಲ್. ಸೀಲ್ ಹಾಕಬೇಕಾದದ್ದು ನಿಮ್ಮದೇ ಯಂತ್ರದಲ್ಲಿ, ನಿಮ್ಮದೇ ಪುಡಿ ತುಂಬಿ. ಕಾರ್ಖಾನೆಯಲ್ಲಿ ಹಾಕಿದ ಅಕ್ಕಪಕ್ಕದ ಸೀಲ್ ಗಟ್ಟಿ ಇದ್ದೇ ಇರುತ್ತದೆ. ಬಿಚ್ಚಿಕೊಳ್ಳುವುದು ನೀವು ಹಾಕುವ ಬಾಯಿ. ಶೇಂಗಾ ಪುಡಿ ತುಂಬುವಾಗ ಎಣ್ಣೆ ಜಿಡ್ಡಿನ ಧೂಳು ಬಾಯಿಯ ಒಳಬದಿಗೆ ಮೆತ್ತಿಕೊಳ್ಳದೆ ಇರುವುದಿಲ್ಲ. ಅದಕ್ಕೇ ಐದು ಪೌಚನ್ನು ಶುದ್ಧವಾಗಿ ಸೀಲ್ ಮಾಡಿ, ಇನ್ನೈದರ ಬಾಯಿಗೆ ಬೇಕಂತಲೇ ಚಿಟಿಕೆ ಪುಡಿ ಸವರಿ ಸೀಲ್ ಮಾಡಿ. ಅವನ್ನು ಬಕೆಟ್ಟಿನ ನೀರಲ್ಲಿ ಮುಳುಗಿಸಿ ಅಂಗೈಯಿಂದ ಅದುಮಿ ಹಿಡಿಯಿರಿ. ಸೀಲಿನ ಸಾಲಿನಿಂದ ಗುಳ್ಳೆ ಎದ್ದರೆ ಉಷ್ಣತೆ ಏರಿಸಿ ಹೊಸ ಪೌಚಿನಲ್ಲಿ ನೋಡಿ. ಏರಿಸಿದರೂ ಗುಳ್ಳೆ ನಿಲ್ಲದಿದ್ದರೆ, ಅಥವಾ ಗುಳ್ಳೆ ನಿಲ್ಲುವಷ್ಟರಲ್ಲಿ ಫಿಲ್ಮ್ ಸುಕ್ಕುಗಟ್ಟಿದರೆ, ಒಳಪದರದ ಪಾಲಿ ನಿಮ್ಮ ಪುಡಿಗೆ ಹೊಂದುವುದಿಲ್ಲ. ಜಿಡ್ಡಿದ್ದರೂ ಸೀಲ್ ಕಚ್ಚುವ ಪಾಲಿ ಕೊಡಿ ಎಂದು ಆಗ ಕೇಳಬಹುದು. ಹಾಗೆ ಕೇಳುವ ಗಿರಾಕಿಗಳು ಅವರಿಗೆ ಹೊಸಬರೇನಲ್ಲ.

ಉಳಿದವುಗಳಲ್ಲಿ ಎರಡು ಖಾಲಿ ಪೌಚನ್ನು ಚೂರು ಮಾಡಿ ಶುಚಿಯಾದ ಗಾಜಿನ ಬಾಟಲಿಗೆ ಹಾಕಿ, ಮುಚ್ಚಳ ಬಿಗಿದು, ಒಂದು ಗಂಟೆ ಬಿಸಿಲಲ್ಲಿಡಿ. ಮುಚ್ಚಳ ತೆಗೆದಾಗ ಪೇಂಟಿನಂಥ ವಾಸನೆ ಮೂಗಿಗೆ ಬಡಿದರೆ ಪದರಗಳ ಮಧ್ಯೆ ದ್ರಾವಕ ಪೂರ್ತಿ ಆರಿಲ್ಲ. ಅದು ನಾಳೆ ಚಟ್ನಿಪುಡಿಗೂ ಹತ್ತುತ್ತದೆ. ಇನ್ನು ಸೀಲ್ ಮಾಡಿದ ನಾಲ್ಕನ್ನು ಅಡುಗೆಮನೆಯ ಸೆಕೆಯಲ್ಲಿ ಮೂರು ವಾರ ಬಿಟ್ಟುಬಿಡಿ. ನಂತರ ತೆಗೆದು ಒಳಬದಿ ಉಗುರಿನಿಂದ ಕೆರೆದು ನೋಡಿ: ಎಣ್ಣೆ ಇಳಿದು ಪದರ ಬಿಟ್ಟುಕೊಂಡಿದೆಯೋ, ಪುಡಿ ಕಮಟು ಬಡಿಯುತ್ತಿದೆಯೋ. ಪುಡಿ ಮೊದಲೇ ಹಳತಿದ್ದರೆ ಪೌಚನ್ನು ದೂರಿ ಪ್ರಯೋಜನವಿಲ್ಲ, ಅದಕ್ಕಾಗಿ ಅದೇ ದಿನದ ಪುಡಿಯನ್ನು ಗಾಜಿನ ಬಾಟಲಿಯಲ್ಲೂ ಇಟ್ಟು ಹೋಲಿಸಿ.

ಮನೆಯ ಪರೀಕ್ಷೆಗೆ ನಿಲುಕದ್ದೂ ಒಂದಿದೆ. ಪ್ಲಾಸ್ಟಿಕ್ಕಿನಿಂದ ಆಹಾರಕ್ಕೆ ಇಳಿಯುವ ಅಂಶ ಕಿಲೋಗೆ 60 ಮಿಲಿಗ್ರಾಂ ಮೀರಬಾರದೆಂದು ಎಫ್‌ಎಸ್‌ಎಸ್‌ಎಐನ 2018ರ ಪ್ಯಾಕೇಜಿಂಗ್ ನಿಯಮ ಹೇಳುತ್ತದೆ. ಇದನ್ನು ಪ್ರಯೋಗಾಲಯವೇ ಅಳೆಯಬೇಕು. ಆ ವರದಿಯ ಪ್ರತಿಯನ್ನು ಸ್ಯಾಂಪಲ್ಲಿನ ಜೊತೆಗೇ ಕೇಳಿ, ಅದರಲ್ಲಿ ಬರೆದ ಪದರಗಳು ನಿಮ್ಮ ಚೀಟಿಯ ಪದರಗಳೇ ಹೌದೋ ಎಂದು ನೋಡಿ. ಬೇರೆ ಮಾಲಿನ ವರದಿ ಕಳಿಸುವುದು ಉಂಟು.

ಹಾಳು ಮಾಡದೆ ಉಳಿಸಿದ ಪೌಚುಗಳ ಕೆಲಸ ಇನ್ನು ಮುಂದೆ. ಒಪ್ಪಿಗೆಯಾದ ಮೇಲೆ ಎರಡಕ್ಕೆ ದಿನಾಂಕ ಬರೆದು ಇಬ್ಬರೂ ಸಹಿ ಹಾಕಿ, ಒಂದು ಅವರ ಬಳಿ, ಒಂದು ನಿಮ್ಮ ಬಳಿ ಇರಲಿ. ಪರ್ಚೇಸ್ ಆರ್ಡರಿನಲ್ಲಿ ‘ಸಹಿ ಮಾಡಿದ ಸ್ಯಾಂಪಲ್ಲಿನಂತೆ’ ಎಂಬ ಸಾಲು ಸೇರಿಸಿ. 1930ರ ಸರಕು ಮಾರಾಟ ಕಾಯ್ದೆಯ 17ನೇ ಕಲಂ ಸ್ಯಾಂಪಲ್ ತೋರಿಸಿ ಮಾಡಿದ ಮಾರಾಟದ ಬಗ್ಗೆಯೇ ಇದೆ: ಬಂದ ಮಾಲು ಸ್ಯಾಂಪಲ್ಲಿನ ಗುಣಮಟ್ಟದ್ದೇ ಆಗಿರಬೇಕು, ಎರಡನ್ನೂ ಹೋಲಿಸಿ ನೋಡಲು ಕೊಳ್ಳುವವರಿಗೆ ಅವಕಾಶ ಸಿಗಬೇಕು. ಆದರೆ ಸಹಿ ಹಾಕಿದ ಪೌಚು ನಿಮ್ಮ ಕಪಾಟಿನಲ್ಲಿ ಇಲ್ಲದಿದ್ದರೆ ಯಾವುದರ ಜೊತೆ ಹೋಲಿಸುತ್ತೀರಿ? ಬಣ್ಣದ ವಿಷಯ ಇದಕ್ಕೆ ಸೇರದು, ಸ್ಯಾಂಪಲ್ ಅಚ್ಚಿಲ್ಲದ್ದು. ಬಣ್ಣಕ್ಕೆ ಬೇರೆ ಪ್ರೂಫ್ ತೆಗೆಸಿ ಅದಕ್ಕೂ ಸಹಿ ಹಾಕಬೇಕು. ಅದಕ್ಕೆ ದುಡ್ಡು ಕೇಳಿದರೆ ಕೊಡುವುದೇ ನ್ಯಾಯ.

ಹತ್ತು ಸಾವಿರ ಬಂದ ದಿನ ಮೇಲಿನ ಕಟ್ಟನ್ನು ಬಿಟ್ಟು, ಬೇರೆ ಬೇರೆ ಪೆಟ್ಟಿಗೆಯ ನಡುವಿನಿಂದ ಹತ್ತು ಪೌಚು ಎಳೆಯಿರಿ. ಮತ್ತೆ ಅದೇ 10 ಸೆಂ.ಮೀ. ತುಂಡು, ಅದೇ ತಕ್ಕಡಿ. ಅಚ್ಚಿನ ಶಾಯಿ ಸೇರಿದ್ದರಿಂದ ತೂಕ ಸ್ಯಾಂಪಲ್ಲಿಗಿಂತ ಕೂದಲೆಳೆಯಷ್ಟು ಹೆಚ್ಚೇ ಬರಬೇಕು. ಕಡಿಮೆ ಬಂದರೆ ಪುಡಿ ತುಂಬುವ ಮೊದಲೇ ತಯಾರಕರಿಗೆ ಬರವಣಿಗೆಯಲ್ಲಿ ತಿಳಿಸಿ. ಒಂದು ಸಾವಿರ ತುಂಬಿ ಮಾರಿದ ಮೇಲೆ ಮಾಲು ನಮ್ಮದಲ್ಲ ಎಂದು ವಾಪಸು ಕಳಿಸಲು ಕಷ್ಟ.