ಒಟ್ಟು ಸರಿಯಿದೆ, ಕೊನೆಯ ಸಾಲಿಗೆ ಗಾಳಿಯಿಲ್ಲ

ಹೊಸ ಕಟ್ಟಡದ ಗಾಳಿ ವ್ಯವಸ್ಥೆಯನ್ನು ಗುತ್ತಿಗೆದಾರರು ಮಾಲೀಕರಿಗೆ ಒಪ್ಪಿಸುವಾಗ ಜೊತೆಗೊಂದು ದಪ್ಪ ಫೈಲು ಬರುತ್ತದೆ. ಅದು ಕಮಿಷನಿಂಗ್ ರಿಪೋರ್ಟ್. ಒಳಗೆ ಪುಟಗಟ್ಟಲೆ ಅಂಕಿಗಳು: ವಿನ್ಯಾಸದ ಪ್ರಕಾರ ಎಷ್ಟು ಗಾಳಿ ಬರಬೇಕಿತ್ತು, ಅಳೆದಾಗ ಎಷ್ಟು ಬಂತು, ಅದು ಶೇಕಡಾ ಎಷ್ಟು. ಬಹುತೇಕರು ಕೊನೆಯ ಪುಟದ ಮೊತ್ತ ನೋಡುತ್ತಾರೆ. ಶೇ 99 ಎಂದಿದ್ದರೆ ಸಹಿ ಬೀಳುತ್ತದೆ, ಫೈಲು ಬೀರು ಸೇರುತ್ತದೆ. ಆಮೇಲೆ ಅದೇ ಕಟ್ಟಡದ ಸಭಾಂಗಣದಲ್ಲಿ ಮುಂದಿನ ಸಾಲಿನವರು ಶಾಲು ಹೊದ್ದು ಕೂತಿದ್ದರೆ, ಹಿಂದಿನ ಸಾಲಿನವರು ಕೈಯಲ್ಲಿದ್ದ ಕಾಗದದಿಂದಲೇ ಗಾಳಿ ಬೀಸಿಕೊಳ್ಳುತ್ತಿರುತ್ತಾರೆ. ಎರಡೂ ಸುಳ್ಳಲ್ಲ.

ಇದು ಹೇಗೆ ಸಾಧ್ಯ ಎಂದು ನೋಡಲು ಬೆಂಗಳೂರಿನ ಒಂದು ಸಾಧಾರಣ ಸಭಾಂಗಣವನ್ನು ಊಹಿಸಿಕೊಳ್ಳೋಣ. 1000 ಚದರ ಅಡಿ, ನಲವತ್ತು ಜನ ಕೂರುವ ಜಾಗ. ಪಕ್ಕದ ಕೋಣೆಯಲ್ಲಿ ಗಾಳಿಯನ್ನು ಸೋಸಿ ತಂಪು ಮಾಡಿ ತಳ್ಳುವ ಯಂತ್ರ. ಕೆಲಸದವರ ಬಾಯಲ್ಲಿ ಅದು ‘ಎಎಚ್‌ಯು’. ಅದರಿಂದ ಹೊರಟ ತಗಡಿನ ಡಕ್ಟ್ ಫಾಲ್ಸ್ ಸೀಲಿಂಗ್ ಮೇಲೆ ಹಾದು ಐದು ಡಿಫ್ಯೂಸರ್‌ಗಳ ಮೂಲಕ ಗಾಳಿಯನ್ನು ಕೆಳಗಿಳಿಸುತ್ತದೆ. ವಿನ್ಯಾಸದಲ್ಲಿ ಒಂದೊಂದಕ್ಕೂ 300 ಸಿಎಫ್‌ಎಂ, ಅಂದರೆ ನಿಮಿಷಕ್ಕೆ 300 ಘನ ಅಡಿ. ಒಟ್ಟು 1500.

ಅಳೆಯುವವರು ಡಿಫ್ಯೂಸರ್‌ಗೆ ಬಟ್ಟೆಯ ದೊಡ್ಡ ಆಲಿಕೆಯಂಥ ಹುಡ್ಡನ್ನು ಕೆಳಗಿನಿಂದ ಒತ್ತಿ ಹಿಡಿಯುತ್ತಾರೆ. ಬರುವ ಗಾಳಿಯೆಲ್ಲ ಅದರ ಕುತ್ತಿಗೆಯ ಮೂಲಕವೇ ಹಾಯಬೇಕು, ಅಲ್ಲಿರುವ ಮೀಟರು ಅಂಕಿ ತೋರಿಸುತ್ತದೆ. ಮೊದಲ ಸುತ್ತಿನಲ್ಲಿ ಯಂತ್ರದ ಹತ್ತಿರದ ಡಿಫ್ಯೂಸರ್‌ನಿಂದ ಶುರುಮಾಡಿ ಸಿಕ್ಕ ಅಂಕಿಗಳು 390, 345, 300, 255, 195. ಕೂಡಿದರೆ 1485, ವಿನ್ಯಾಸದ ಶೇ 99. ಬಿಡಿಬಿಡಿಯಾಗಿ ನೋಡಿದರೆ ಮೊದಲನೆಯದಕ್ಕೆ ಶೇ 130, ಕೊನೆಯದಕ್ಕೆ ಶೇ 65. ಸಾಮಾನ್ಯವಾಗಿ ಒಪ್ಪುವ ಮಿತಿ ವಿನ್ಯಾಸಕ್ಕಿಂತ ಶೇ 10 ಹೆಚ್ಚು ಅಥವಾ ಶೇ 10 ಕಡಿಮೆ. ಐದರಲ್ಲಿ ಆ ಮಿತಿಯೊಳಗಿರುವುದು ಮಧ್ಯದ್ದೊಂದೇ. ಗಾಳಿಗೆ ಹತ್ತಿರದ ದಾರಿ ಸುಲಭ. ತೋಟದ ಹನಿ ನೀರಾವರಿ ಪೈಪಿನಲ್ಲಿ ಮೊದಲ ಗಿಡ ತೊಯ್ದು ತೊಪ್ಪೆಯಾಗುವಾಗ ಕೊನೆಯ ಗಿಡ ಬಾಡುವ ಹಾಗೆ. ಮೊತ್ತದಲ್ಲಿ ಇದು ಕಾಣುವುದೇ ಇಲ್ಲ, ಒಂದರ ಹೆಚ್ಚಳ ಇನ್ನೊಂದರ ಕೊರತೆಯನ್ನು ನುಂಗಿಹಾಕಿರುತ್ತದೆ.

ಈಗ ಡ್ಯಾಂಪರ್ ತಿರುಗಿಸಿ ಸರಿಮಾಡೋಣ ಎಂದು ಯಾರಾದರೂ ಏಣಿ ಹತ್ತಿದರೆ ಅವರನ್ನು ತಡೆಯಬೇಕು. ಶೇ 65 ಎಂಬುದು ಬರೀ ದೂರದ ಫಲವೋ ಅಥವಾ ದಾರಿಯಲ್ಲಿ ಏನೋ ಸಿಕ್ಕಿಕೊಂಡಿದೆಯೋ ಎಂದು ಮೊದಲು ನೋಡಬೇಕು. ಸೀಲಿಂಗ್ ಹಲಗೆ ಎತ್ತಿ ಟಾರ್ಚ್ ಬಿಟ್ಟರೆ ಹತ್ತರಲ್ಲಿ ಕೆಲವು ಸಲ ಕಾರಣ ಕಣ್ಣಿಗೇ ಬೀಳುತ್ತದೆ. ನಮ್ಮ ಸಭಾಂಗಣದಲ್ಲಿ, ಮುಖ್ಯ ಡಕ್ಟಿನಿಂದ ಕೊನೆಯ ಡಿಫ್ಯೂಸರ್‌ಗೆ ಇಳಿಯುವ ಮೆತ್ತನೆಯ ಫ್ಲೆಕ್ಸಿಬಲ್ ಡಕ್ಟ್ ಮೇಲೆ ಎಲೆಕ್ಟ್ರಿಕಲ್‌ನವರು ಕೇಬಲ್ ಟ್ರೇ ಕೂರಿಸಿ ಅದನ್ನು ಚಪ್ಪಟೆ ಮಾಡಿದ್ದಾರೆ ಎಂದಿಟ್ಟುಕೊಳ್ಳಿ. ಅದನ್ನು ಬಿಡಿಸಿ ನೆಟ್ಟಗೆ ಮಾಡಿದ ಮೇಲೆ ಅಂಕಿ 225ಕ್ಕೆ, ಅಂದರೆ ಶೇ 75ಕ್ಕೆ ಏರುತ್ತದೆ. ಒಂದು ಡಿಫ್ಯೂಸರ್ ಮಾತ್ರ ಸೊರಗಿದ್ದರೆ ಇಂಥದ್ದನ್ನು ಹುಡುಕಬೇಕು. ಎಲ್ಲವೂ ಒಟ್ಟಿಗೆ ಸೊರಗಿದ್ದರೆ ಯಂತ್ರದ ಬಳಿಗೇ ಹೋಗಬೇಕು. ಅಲ್ಲಿ ಸಿಗುವ ತಮಾಷೆಯ ದೋಷವೆಂದರೆ ಉಲ್ಟಾ ತಿರುಗುವ ಫ್ಯಾನು. ಮೂರು ಫೇಸಿನ ಮೋಟರಿನಲ್ಲಿ ಎರಡು ತಂತಿ ಅದಲು ಬದಲಾದರೆ ಅದು ಹಿಮ್ಮುಖ ತಿರುಗುತ್ತದೆ. ಆದರೆ ಈ ಬಗೆಯ ಯಂತ್ರಗಳಲ್ಲಿ ಇರುವ ಸೆಂಟ್ರಿಫ್ಯೂಗಲ್ ಫ್ಯಾನು ಆಗಲೂ ಗಾಳಿಯನ್ನು ಹಿಂದಕ್ಕೆಳೆಯುವುದಿಲ್ಲ, ಮುಂದಕ್ಕೇ ತಳ್ಳುತ್ತದೆ, ತೀರಾ ಕಡಿಮೆ ತಳ್ಳುತ್ತದೆ ಅಷ್ಟೇ. ಸದ್ದೂ ಇದೆ, ಗಾಳಿಯೂ ಇದೆ. ಹಾಗಾಗಿ ಯಾರಿಗೂ ಅನುಮಾನ ಬರುವುದಿಲ್ಲ. ಕವಚದ ಮೇಲಿನ ಬಾಣದ ಗುರುತನ್ನೂ ಫ್ಯಾನು ತಿರುಗುವ ದಿಕ್ಕನ್ನೂ ತಾಳೆ ನೋಡಿದರೆ ಮಾತ್ರ ಗೊತ್ತಾಗುತ್ತದೆ.

ಇನ್ನು ಬ್ಯಾಲೆನ್ಸಿಂಗ್. ಹೊಸಬರು ಮೊದಲ ಡಿಫ್ಯೂಸರ್ ಮುಚ್ಚಿ 300ಕ್ಕೆ ತರುತ್ತಾರೆ, ಎರಡನೆಯದನ್ನೂ ತರುತ್ತಾರೆ, ಅಷ್ಟರಲ್ಲಿ ಮೊದಲನೆಯದು ಮತ್ತೆ 330 ಆಗಿರುತ್ತದೆ. ಇಡೀ ದಿನ ಏಣಿ ಹತ್ತಿ ಇಳಿಯಬೇಕಾಗುತ್ತದೆ. ಅನುಭವಿಗಳು 300ರ ಬೆನ್ನು ಹತ್ತುವುದಿಲ್ಲ, ಶೇಕಡಾವನ್ನು ಹಿಡಿಯುತ್ತಾರೆ. ಎಲ್ಲಕ್ಕಿಂತ ಬಡಕಲಾದ ಡಿಫ್ಯೂಸರ್‌ನ ಡ್ಯಾಂಪರನ್ನು ಪೂರ್ತಿ ತೆರೆದೇ ಬಿಡುತ್ತಾರೆ. ನಮ್ಮಲ್ಲಿ ಅದು ಐದನೆಯದು. ನಾಲ್ಕನೆಯದನ್ನು ಸ್ವಲ್ಪ ಸ್ವಲ್ಪವೇ ಮುಚ್ಚುತ್ತ, ಎರಡರ ಶೇಕಡಾವೂ ಒಂದೇ ಆಗುವವರೆಗೆ ತರುತ್ತಾರೆ. ನಾಲ್ಕು ಇಳಿದಷ್ಟೂ ಐದು ಏರುತ್ತದೆ, ನಡುವೆ ಎಲ್ಲೋ ಎರಡೂ ಸೇರುತ್ತವೆ. ಆಮೇಲೆ ಮೂರನೆಯದನ್ನು ಐದಕ್ಕೆ ಸಮ ಮಾಡುತ್ತಾರೆ, ಹೀಗೆ ಯಂತ್ರದ ಕಡೆಗೆ ಬರುತ್ತಾರೆ. ಇದರ ಗುಟ್ಟು ಇಷ್ಟು: ಒಮ್ಮೆ ಸಮವಾದ ಜೋಡಿಗೆ ಮೇಲಿನಿಂದ ಬರುವ ಗಾಳಿ ಹೆಚ್ಚಾದರೂ ಕಡಿಮೆಯಾದರೂ ಅವು ಅದನ್ನು ಮೊದಲಿನ ಪಾಲಿನಲ್ಲೇ ಹಂಚಿಕೊಳ್ಳುತ್ತವೆ. ಮುಗಿಸಿದ್ದನ್ನು ಮತ್ತೆ ಮುಟ್ಟಬೇಕಾಗಿಲ್ಲ.

ಕೊನೆಗೆ ಐದೂ ಶೇ 93ರ ಆಸುಪಾಸಿಗೆ ಬಂದು ನಿಂತವು ಎನ್ನೋಣ. ನಾಲ್ಕು ಡ್ಯಾಂಪರ್ ಒಂದಿಷ್ಟು ಮುಚ್ಚಿದ್ದರಿಂದ ಒಟ್ಟು ಗಾಳಿ ಕೆಳಗಿಳಿದಿದೆ. ಈಗ ಮಾತ್ರ ಫ್ಯಾನಿನ ವೇಗಕ್ಕೆ ಕೈ ಹಾಕಬೇಕು. ವೇಗ ಬದಲಿಸುವ ವಿಎಫ್‌ಡಿಯಲ್ಲಿ 42 ಹರ್ಟ್ಸ್ ಇದ್ದದ್ದನ್ನು 45ಕ್ಕೆ ಏರಿಸಿದರೆ ಗಾಳಿಯೂ ಅದೇ ಪ್ರಮಾಣದಲ್ಲಿ, ಸುಮಾರು ಶೇ 7, ಏರುತ್ತದೆ. ಫ್ಯಾನು ಎಳೆಯುವ ವಿದ್ಯುತ್ತು ಮಾತ್ರ ವೇಗದ ಘನದ ಲೆಕ್ಕದಲ್ಲಿ ಬೆಳೆಯುತ್ತದೆ: ಶೇ 7ರ ಗಾಳಿಗೆ ಶೇ 23ರಷ್ಟು ಹೆಚ್ಚು ಕರೆಂಟು. ಆದ್ದರಿಂದ ಮೋಟರಿನ ಆಂಪಿಯರ್ ಅಳೆದು, ಅದರ ಫಲಕದಲ್ಲಿರುವ ಮಿತಿಯೊಳಗಿದೆಯೇ ಎಂದು ನೋಡಿ ಅದನ್ನೂ ರಿಪೋರ್ಟಿನಲ್ಲಿ ಬರೆಯಬೇಕು. ಅಂತಿಮ ಅಂಕಿಗಳು 306, 291, 300, 288, 309, ಒಟ್ಟು 1494. ಮೊದಲ ಸುತ್ತಿನ ಮೊತ್ತಕ್ಕೂ ಇದಕ್ಕೂ ಇರುವ ವ್ಯತ್ಯಾಸ ಬರೀ ಒಂಬತ್ತು!

ಹುಡ್ಡಿನ ಮಾತನ್ನೊಂದೇ ನಂಬುವುದಿಲ್ಲ. ಮುಖ್ಯ ಡಕ್ಟಿಗೆ ರಂಧ್ರ ಕೊರೆದು ಪಿಟೊ ಟ್ಯೂಬ್ ಎಂಬ ಸಣ್ಣ ಬಾಗಿದ ಕೊಳವೆಯನ್ನು ಒಳಗೆ ಬಿಟ್ಟು, ಅಡ್ಡಲಾಗಿಯೂ ಉದ್ದಕ್ಕೂ ಹಲವು ಬಿಂದುಗಳಲ್ಲಿ ಗಾಳಿಯ ಒತ್ತಡ ಅಳೆಯುತ್ತಾರೆ. 1732ರಲ್ಲಿ ಫ್ರಾನ್ಸಿನ ಹಾನ್ರಿ ಪಿಟೊ ನದಿ ನೀರಿನ ವೇಗ ಅಳೆಯಲು ಕಂಡುಕೊಂಡ ಉಪಾಯ ಇದು, ಇಂದಿಗೂ ಇದಕ್ಕೇ ಹೆಚ್ಚು ಮರ್ಯಾದೆ. ನಮ್ಮ ಡಕ್ಟು 400 ಮಿಲಿಮೀಟರ್ ಅಗಲ, 300 ಎತ್ತರ. ಎಲ್ಲ ಬಿಂದುಗಳಲ್ಲೂ ಒತ್ತಡ ಹೆಚ್ಚುಕಡಿಮೆ 20 ಪ್ಯಾಸ್ಕಲ್. ಒತ್ತಡದ ವರ್ಗಮೂಲವನ್ನು 1.29ರಿಂದ ಗುಣಿಸಿದರೆ ಸೆಕೆಂಡಿಗೆ ಎಷ್ಟು ಮೀಟರ್ ವೇಗ ಎಂಬುದು ಸಿಗುತ್ತದೆ ಎಂದು ಕೈಪಿಡಿ ಹೇಳುತ್ತದೆ. ಹಾಗೆ ಮಾಡಿದರೆ 5.77 ಮೀಟರ್, ಅಂದರೆ 1467 ಸಿಎಫ್‌ಎಂ.

ಇಲ್ಲಿ ನಿಲ್ಲಬೇಕು. ಡಕ್ಟಿನೊಳಗೆ ಹೋದದ್ದು 1467, ಡಿಫ್ಯೂಸರ್‌ಗಳಿಂದ ಬಂದದ್ದು 1494. ಒಳಗೆ ಹೋದದ್ದಕ್ಕಿಂತ ಹೆಚ್ಚು ಹೊರಗೆ ಬರುವುದು ಹೇಗೆ? ತಪ್ಪು 1.29ರಲ್ಲಿದೆ. ಅದು ಸಮುದ್ರಮಟ್ಟದ ಗಾಳಿಯ ಲೆಕ್ಕ. ಬೆಂಗಳೂರು ಸುಮಾರು 920 ಮೀಟರ್ ಎತ್ತರದಲ್ಲಿದೆ, ಇಲ್ಲಿನ ಗಾಳಿ ತೆಳು. 25 ಡಿಗ್ರಿ ಉಷ್ಣತೆಯಲ್ಲಿ ಒಂದು ಘನ ಮೀಟರಿನ ತೂಕ 1.2 ಕಿಲೋ ಬದಲು 1.06ರ ಸುಮಾರು. ತೆಳು ಗಾಳಿ ಅಷ್ಟೇ ಒತ್ತಡ ತೋರಿಸಬೇಕಾದರೆ ಹೆಚ್ಚು ವೇಗದಲ್ಲಿ ಓಡುತ್ತಿರಬೇಕು. ಹಾಗಾಗಿ 1.29ರ ಜಾಗದಲ್ಲಿ 1.37 ಹಾಕಿದರೆ ವೇಗ ಸುಮಾರು 6.1 ಮೀಟರ್, ಗಾಳಿ 1560ರ ಹತ್ತಿರ. ಈಗ ಲೆಕ್ಕಕ್ಕೆ ಅರ್ಥ ಬಂತು: 1560 ಒಳಗೆ ಹೋಗಿ 1494 ಹೊರಗೆ ಬಂದಿದೆ, ಉಳಿದ ಶೇ 4 ಡಕ್ಟಿನ ಜೋಡಣೆಗಳಲ್ಲಿ ಸೋರಿರಬೇಕು, ಇಲ್ಲವೇ ಹುಡ್ಡು ತಾನೇ ದಾರಿಗೆ ಅಡ್ಡವಾಗಿ ಸ್ವಲ್ಪ ಗಾಳಿಯನ್ನು ತಡೆದಿರಬೇಕು. ಹುಡ್ಡಿನ ಮೀಟರಿಗೆ ಊರಿನ ವಾಯುಒತ್ತಡವನ್ನು ತಾನೇ ಅರಿಯುವ ಸೌಲಭ್ಯವಿದ್ದು, ಪಿಟೊದ ಲೆಕ್ಕವನ್ನು ಕೈಯಲ್ಲಿ ಮಾಡಿದಾಗ ಈ ಗೊಂದಲ ಹುಟ್ಟುತ್ತದೆ. ಮಂಗಳೂರಿನಲ್ಲಿ ಇದೇ ತಪ್ಪು ಮಾಡಿದರೂ ಹೆಚ್ಚು ನಷ್ಟವಿಲ್ಲ. ಬೆಂಗಳೂರು, ಮಡಿಕೇರಿಯ ರಿಪೋರ್ಟಿನಲ್ಲಿ ಗಾಳಿಯ ಸಾಂದ್ರತೆ ಎಷ್ಟೆಂದು ಹಿಡಿದಿದ್ದಾರೆ ಎಂಬ ಒಂದು ಸಾಲು ಇಲ್ಲದಿದ್ದರೆ ನಾನು ಮುಂದಿನ ಪುಟ ತಿರುಗಿಸುವುದಿಲ್ಲ.

ಈ 1500ರಲ್ಲಿ ಬಹುಪಾಲು ಅದೇ ಕೋಣೆಯ ಗಾಳಿ ಸುತ್ತಿ ಬಂದದ್ದು. ಹೊರಗಿನ ತಾಜಾ ಗಾಳಿಗೆ ಬೇರೆಯದೇ ಸಾಲಿರುತ್ತದೆ, ರಿಪೋರ್ಟಿನಲ್ಲಿ ನಾನು ಮೊದಲು ಹುಡುಕುವುದು ಅದನ್ನೇ. ಇಂಥ ಸಭಾಂಗಣಕ್ಕೆ ಅಮೆರಿಕದ ‘ಆಶ್ರೇ’ ಸಂಸ್ಥೆಯ ಮಾನದಂಡದಂತೆ ತಲೆಗೆ 5 ಸಿಎಫ್‌ಎಂ, ಚದರ ಅಡಿಗೆ 0.06, ನಲವತ್ತು ಜನಕ್ಕೆ 200, ನೆಲಕ್ಕೆ 60, ಒಟ್ಟು 260. ನಮ್ಮ ವಿನ್ಯಾಸಕಾರರು 300 ಇಟ್ಟಿದ್ದಾರೆ. ಅಳೆದರೆ 165. ಒಳಗಾಳಿ ಮರಳುವ ಡ್ಯಾಂಪರ್ ಅಗಲವಾಗಿ ತೆರೆದಿರುವುದರಿಂದ ಫ್ಯಾನು ಹತ್ತಿರದ ಗಾಳಿಯನ್ನೇ ಎಳೆದುಕೊಳ್ಳುತ್ತಿದೆ. ಡಿಫ್ಯೂಸರ್‌ಗಳ ಕೆಳಗೆ ಇದು ಯಾರಿಗೂ ಗೊತ್ತಾಗುವುದಿಲ್ಲ. ತಂಪಿದೆ, ಗಾಳಿಯಾಡುತ್ತಿದೆ, ಮಧ್ಯಾಹ್ನದ ಸಭೆಯಲ್ಲಿ ಮಾತ್ರ ಎಲ್ಲರೂ ತೂಕಡಿಸುತ್ತಾರೆ, ಊಟದ ಮೇಲೆ ತಪ್ಪು ಹೊರಿಸುತ್ತಾರೆ. ಮರಳುವ ದಾರಿಯನ್ನು ಸ್ವಲ್ಪ ಮುಚ್ಚಿ ಹೊರಗಿನದನ್ನು ತೆರೆದು 291ಕ್ಕೆ ತಂದ ಮೇಲೆ ಒಟ್ಟು ಗಾಳಿಯನ್ನು ಇನ್ನೊಮ್ಮೆ ಅಳೆಯಬೇಕು, ಏಕೆಂದರೆ ಈ ಬದಲಾವಣೆ ಅದನ್ನೂ ಅಲುಗಿಸಿರುತ್ತದೆ.

ಒಂದು ಮಾತು ಒರಟಾಗಿಯೇ ಹೇಳಬೇಕು. ಎಲ್ಲ ಸಾಲಿನಲ್ಲೂ 300, 301, 299 ಎಂದು ಬರೆದಿರುವ ರಿಪೋರ್ಟು ಮೇಜಿನ ಮೇಲೆ ತಯಾರಾದದ್ದು. ಹುಡ್ಡು ಹಿಡಿದ ಕೈ ಕೊಂಚ ಅಲುಗಿದರೂ ಅಂಕಿ ಕದಲುತ್ತದೆ. ಅಷ್ಟು ನುಣುಪಾದ ಫಲಿತಾಂಶ ಕ್ಷೇತ್ರದಲ್ಲಿ ಹುಟ್ಟುವುದಿಲ್ಲ. ಉಪಕರಣದ ಕ್ಯಾಲಿಬ್ರೇಶನ್ ತಾರೀಖು, ಮೊದಲ ಸುತ್ತಿನ ಕೆಟ್ಟ ಅಂಕಿಗಳು, ಡ್ಯಾಂಪರ್‌ಗಳನ್ನು ಎಲ್ಲಿ ನಿಲ್ಲಿಸಿ ಬಿಗಿ ಮಾಡಿದರು ಎಂಬ ಗುರುತು, ಇವು ಇಲ್ಲದಿದ್ದರೆ ಅನುಮಾನ ಪಡಿ. ಯಾವುದಾದರೂ ಎರಡು ಡಿಫ್ಯೂಸರ್ ನೀವೇ ಆರಿಸಿ, ಎದುರಿಗೇ ಮತ್ತೆ ಅಳೆಯಲು ಹೇಳಿ. ಪ್ರಾಮಾಣಿಕವಾಗಿ ಅಳೆದವರು ಬೇಸರ ಮಾಡಿಕೊಳ್ಳುವುದಿಲ್ಲ.

ಅಳತೆಯ ಹೊತ್ತಿಗೆ ಫಿಲ್ಟರ್ ಹೇಗಿತ್ತು ಎಂಬುದೂ ಬರೆದಿರಬೇಕು. ಹೊಸ ಫಿಲ್ಟರಿನಲ್ಲಿ ಬಂದ 1494, ಧೂಳು ಕಟ್ಟಿದ ಮೇಲೆ ಉಳಿಯುವುದಿಲ್ಲ. ಒಳ್ಳೆಯ ತಂಡದವರು ಫಿಲ್ಟರಿನ ಒಂದು ಭಾಗಕ್ಕೆ ರಟ್ಟು ಮುಚ್ಚಿ, ಕೊಳೆಯಾದಾಗಿನ ಸ್ಥಿತಿಯನ್ನು ಅಂದೇ ಸೃಷ್ಟಿಸಿ ಇನ್ನೊಂದು ಸುತ್ತು ಅಳೆದು, ಫಿಲ್ಟರಿನ ಎರಡೂ ಬದಿಯ ಒತ್ತಡದ ಅಂತರ ಎಷ್ಟಾದಾಗ ಅದನ್ನು ಬದಲಿಸಬೇಕು ಎಂದು ಬರೆದುಕೊಡುತ್ತಾರೆ. ಮುಂದೆಂದಾದರೂ ಸಭಾಂಗಣದ ನಡುವೆ ಪಾರ್ಟಿಷನ್ ಹಾಕಿ ಎರಡು ಕೋಣೆ ಮಾಡಿದರೆ ಆ ಹಳೆಯ ಕೋಷ್ಟಕವನ್ನು ಹಿಡಿದು ವಾದ ಮಾಡಬೇಡಿ. ಅಳೆಯುವವರನ್ನು ಮತ್ತೆ ಕರೆಸಿ.