ಕತ್ತೆಗೊಂದು ಚುಕ್ಕೆ

‘ಕತ್ತೆ’ ಎಂದು ಬೈದರೆ ಕಾಮೆಂಟು ಮಾಯವಾಗುತ್ತದೆ ಅಂತ ಗೊತ್ತಾದ ಮಾತ್ರಕ್ಕೆ ಬೈಯುವವರು ಸುಮ್ಮನಾಗುವುದಿಲ್ಲ. ‘ಕ.ತ್ತೆ’ ಎಂದು ಬರೆಯುತ್ತಾರೆ. ಬೈಸಿಕೊಂಡವರಿಗೆ ಬೈಗುಳ ಚೆನ್ನಾಗಿಯೇ ತಲುಪುತ್ತದೆ. ನಡುವೆ ಕುಳಿತು ಬೈಗುಳ ಹೆಕ್ಕಬೇಕಾದ ಜರಡಿಗೆ ಮಾತ್ರ ಅದು ಕಾಣುವುದಿಲ್ಲ.

2017ರ ಫೆಬ್ರವರಿಯಲ್ಲಿ ಗೂಗಲ್‌ನ ಸೋದರ ಸಂಸ್ಥೆ ಜಿಗ್‌ಸಾ ಇಂಥದೇ ಒಂದು ಜರಡಿಯನ್ನು ‘ಪರ್ಸ್ಪೆಕ್ಟಿವ್’ ಎಂಬ ಹೆಸರಿನಲ್ಲಿ ಹೊರತಂದಿತು. ಒಂದು ವಾಕ್ಯ ಕೊಟ್ಟರೆ ಅದು ಎಷ್ಟು ವಿಷಕಾರಿ ಎಂದು ನೂರಕ್ಕೆ ಇಷ್ಟು ಅಂತ ಅಂಕ ಹೇಳುತ್ತಿತ್ತು. ಅದೇ ತಿಂಗಳು ವಾಷಿಂಗ್ಟನ್ ವಿಶ್ವವಿದ್ಯಾಲಯದ ನಾಲ್ವರು ಸಂಶೋಧಕರು ಅದನ್ನು ಕೆಣಕಿ ನೋಡಿದರು. ಹವಾಮಾನ ಬದಲಾವಣೆಯನ್ನು ನಂಬದವರನ್ನು `idiot` ಎಂದು ಜರೆಯುವ ವಾಕ್ಯಕ್ಕೆ 84 ಅಂಕ ಬಂತು. `idiiot` ಎಂದು ಒಂದು i ಹೆಚ್ಚಿಗೆ ಸೇರಿಸಿದಾಗ ಅದೇ ವಾಕ್ಯ 20ಕ್ಕೆ ಇಳಿಯಿತು. ಇನ್ನೊಂದು ವಾಕ್ಯದಲ್ಲಿ `stupid` ನಡುವೆ ಚುಕ್ಕೆ ಇಟ್ಟು `st.upid` ಮಾಡಿದರೆ ಅಂಕ 86ರಿಂದ 2. ಹಾಗೆ ತಿದ್ದಲು ಗಣಿತವೇನೂ ಬೇಕಾಗಿರಲಿಲ್ಲ, ಬೈಗುಳದ ಕಾಗುಣಿತ ಕೆಟ್ಟಿದ್ದರೆ ಸಾಕಿತ್ತು.

ನಾವು ಪದವನ್ನು ಕಣ್ಣಿನಿಂದ ಗುರುತಿಸುತ್ತೇವೆ. ಒಂದಕ್ಷರ ಹೆಚ್ಚಾದರೂ ಕಡಿಮೆಯಾದರೂ ರೂಪ ಉಳಿದಿರುತ್ತದೆ. ನ್ಯೂರಲ್ ಜರಡಿಗೆ ಕಣ್ಣಿಲ್ಲ. ಅದರ ಬಳಿ ಇರುವುದು ಒಂದು ಪಟ್ಟಿ, ಪಟ್ಟಿಯ ಪ್ರತಿ ಪದಕ್ಕೂ ಒಂದು ಕ್ರಮಸಂಖ್ಯೆ. `idiot` ಎಂಬುದಕ್ಕೆ ಸಂಖ್ಯೆ ಇದೆ, ಆ ಸಂಖ್ಯೆ ಬೈಗುಳದ ಜತೆ ಬರುತ್ತದೆಂದು ಲಕ್ಷಾಂತರ ಉದಾಹರಣೆಗಳಿಂದ ಅದು ಕಲಿತಿದೆ. `idiiot` ಪಟ್ಟಿಯಲ್ಲೇ ಇಲ್ಲ. ಹಳೆಯ ಮಾಡೆಲ್‌ಗಳು ಇಂಥವನ್ನೆಲ್ಲ ‘ಗೊತ್ತಿಲ್ಲದ ಪದ’ ಎಂಬ ಒಂದೇ ಬುಟ್ಟಿಗೆ ಹಾಕುತ್ತಿದ್ದವು. ಆಮೇಲೆ ಬಂದ ಬರ್ಟ್‌ನಂಥವು ಗೊತ್ತಿಲ್ಲದ ಪದವನ್ನು ತಮಗೆ ಗೊತ್ತಿರುವ ತುಣುಕುಗಳಾಗಿ ಒಡೆಯುತ್ತವೆ. ಆದರೆ ಆ ತುಣುಕುಗಳಿಗೂ ಮೂಲ ಪದಕ್ಕೂ ನಂಟೇ ಇರುವುದಿಲ್ಲ. ಗಡಿಗೆ ಒಡೆದ ಚೂರುಗಳನ್ನು ತೋರಿಸಿ ‘ಇದೇನು’ ಎಂದು ಕೇಳಿದ ಹಾಗೆ.

ಕಾಮೆಂಟು ಹಾಕುವವನು ಅಂದಾಜಿನ ಮೇಲೆ ಚುಕ್ಕೆ ಇಡುತ್ತಾನೆ. ಸಂಶೋಧಕರು ಇದನ್ನೇ ಕ್ರಮಬದ್ಧವಾಗಿ ಮಾಡುತ್ತಾರೆ. ವಾಕ್ಯದಿಂದ ಒಂದೊಂದೇ ಪದ ತೆಗೆದು ಪ್ರತಿ ಸಲ ಅಂಕ ಎಷ್ಟು ಇಳಿಯಿತು ಎಂದು ನೋಡುತ್ತಾರೆ. ಯಾವ ಪದ ತೆಗೆದಾಗ ಹೆಚ್ಚು ಇಳಿಯಿತೋ ಅದೇ ಜರಡಿ ನೆಚ್ಚಿಕೊಂಡ ಪದ. ಆ ಪದದೊಳಗೆ ಪಕ್ಕದಕ್ಷರಗಳನ್ನು ಅದಲುಬದಲು ಮಾಡುವುದು, ಒಂದನ್ನು ಬಿಡುವುದು, ಒಂದನ್ನು ಸೇರಿಸುವುದು, ಕೀಬೋರ್ಡಿನಲ್ಲಿ ಪಕ್ಕದ ಕೀಲಿ ಒತ್ತಿದಂತೆ ತಪ್ಪು ಮಾಡುವುದು, ಹೀಗೆ ಎಲ್ಲವನ್ನೂ ಪ್ರಯತ್ನಿಸಿ, ಅಂಕವನ್ನು ಅತಿ ಹೆಚ್ಚು ಬೀಳಿಸಿದ್ದನ್ನು ಇಟ್ಟುಕೊಳ್ಳುತ್ತಾರೆ. ಮೊದಲ ಮತ್ತು ಕೊನೆಯ ಅಕ್ಷರ ಮುಟ್ಟುವುದಿಲ್ಲ, ಮೂರಕ್ಷರದ ಪುಟ್ಟ ಪದಗಳ ತಂಟೆಗೂ ಹೋಗುವುದಿಲ್ಲ. ಓದುಗನಿಗೆ ಅರ್ಥ ಕೆಡಬಾರದಲ್ಲ!

2019ರಲ್ಲಿ ಕಾರ್ನೆಗಿ ಮೆಲನ್ ವಿಶ್ವವಿದ್ಯಾಲಯದ ದಾನಿಶ್ ಪ್ರೂತಿ, ಭುವನ್ ಧಿಂಗ್ರಾ ಮತ್ತು ಝಾಕರಿ ಲಿಪ್ಟನ್ ಇದನ್ನು ಬರ್ಟ್ ಮೇಲೆ ಪ್ರಯೋಗಿಸಿದರು. ಸಿನಿಮಾ ವಿಮರ್ಶೆಯ ವಾಕ್ಯ ಹೊಗಳಿಕೆಯೋ ತೆಗಳಿಕೆಯೋ ಎಂದು ಹೇಳುವುದು ಅದರ ಕೆಲಸ. ಬೈಗುಳ ಹುಡುಕುವ ಜರಡಿಯ ಒಳಗೂ ಇದೇ ಯಂತ್ರ ಇರಬಹುದು. ಮೊದಲು ಅದು ಶೇ. 90.3ರಷ್ಟು ಸರಿ ಹೇಳುತ್ತಿತ್ತು. ಪ್ರತಿ ವಾಕ್ಯದಲ್ಲಿ ಹುಡುಕಿ ಒಂದೇ ಒಂದು ಅಕ್ಷರ ಕೆಡಿಸಿದಾಗ ಅದು ಶೇ. 45.8ಕ್ಕೆ ಕುಸಿಯಿತು. ಎರಡೇ ಉತ್ತರ ಸಾಧ್ಯವಿರುವ ಪ್ರಶ್ನೆಗೆ ನಾಣ್ಯ ಚಿಮ್ಮಿದರೂ ಇದಕ್ಕಿಂತ ಹೆಚ್ಚು ಸರಿಯಾಗುತ್ತಿತ್ತು.

ಇದಕ್ಕೆ ಮದ್ದಾಗಿ ಬಂದದ್ದು ಗರಡಿ ಮನೆಯ ಪಾಠದಂಥ ಎದುರಾಳಿ ತರಬೇತಿ. ಪೈಲ್ವಾನನನ್ನು ಒಂಟಿಯಾಗಿ ಕಸರತ್ತು ಮಾಡಲು ಬಿಡದೆ ಪಟ್ಟು ಬಲ್ಲವನೊಬ್ಬನ ಜತೆ ದಿನವೂ ಇಳಿಸುವುದು. ಸರಿ-ತಪ್ಪು ಗುರುತು ಹಾಕಿದ ಒಂದಷ್ಟು ಕಾಮೆಂಟು ತೆಗೆದುಕೊಂಡು, ಪ್ರತಿಯೊಂದಕ್ಕೂ ಮೇಲೆ ಹೇಳಿದ ಹುಡುಕಾಟ ನಡೆಸಿ, ಮಾಡೆಲ್‌ಗೆ ಅತ್ಯಂತ ಕಷ್ಟವಾದ ತಿದ್ದುಪಡಿಯನ್ನು ಆರಿಸುತ್ತಾರೆ. ‘ಬೈಗುಳ’ ಎಂಬ ಹಳೆಯ ಗುರುತನ್ನೇ ಉಳಿಸಿ ಮೂಲದ ಜತೆ ಇದನ್ನೂ ಓದಿಸುತ್ತಾರೆ. ಓದಿ ಮುಗಿಸಿದ ಮಾಡೆಲ್ ಬದಲಾಗಿರುತ್ತದೆ, ಅದರ ದುರ್ಬಲ ಜಾಗವೂ ಬೇರೆಡೆಗೆ ಸರಿದಿರುತ್ತದೆ. ಆದ್ದರಿಂದ ಮುಂದಿನ ಸುತ್ತಿನಲ್ಲಿ ಹೊಸದಾಗಿ ಹುಡುಕಬೇಕು. ಸುಮ್ಮನೆ ಕಣ್ಣುಮುಚ್ಚಿ ಅಕ್ಷರ ಕೆಡಿಸಿ ಓದಿಸುವುದು ಅಗ್ಗ, ಆದರೆ ಅದು ಕೈತಪ್ಪಿ ಆದ ತಪ್ಪುಗಳಿಗೆ ಮಾತ್ರ ಒಗ್ಗಿಸುತ್ತದೆ; ಬೇಕೆಂದೇ ಮಾಡಿದ ತಪ್ಪಿನ ಮುಂದೆ ಅಷ್ಟಾಗಿ ನಿಲ್ಲುವುದಿಲ್ಲ. ಹುಡುಕಿ ಕಲಿಸುವುದಕ್ಕೆ ಖರ್ಚು ಹೆಚ್ಚು: ಒಂದು ವಾಕ್ಯ ಕಲಿಸಲು ಮಾಡೆಲ್ಲನ್ನು ಹತ್ತಾರು ಸಲ ಪ್ರಶ್ನಿಸಬೇಕು.

ಪ್ರೂತಿ ಮತ್ತು ಗೆಳೆಯರು ಇದಕ್ಕಿಂತ ಚೆನ್ನಾಗಿ ಫಲಿಸಿದ ಇನ್ನೊಂದು ದಾರಿ ಹಿಡಿದರು. ಜರಡಿಯ ಮುಂದೆ ಒಬ್ಬ ದ್ವಾರಪಾಲಕನನ್ನು ಕೂರಿಸಿದರು. ಕೆಟ್ಟ ಕಾಗುಣಿತದ ಪದ ನೋಡಿ ಮೂಲ ಪದ ಊಹಿಸುವುದಕ್ಕೆಂದೇ ತರಬೇತಿ ಪಡೆದ ಪುಟ್ಟ ನೆಟ್‌ವರ್ಕ್ ಅದು. ಅದು ಪದದ ಮೊದಲ ಮತ್ತು ಕೊನೆಯ ಅಕ್ಷರವನ್ನು ಸ್ಥಾನ ಸಮೇತ ನೋಡುತ್ತದೆ. ನಡುವಿನವನ್ನು ಕ್ರಮ ಲೆಕ್ಕಿಸದೆ ಒಂದು ರಾಶಿಯಾಗಿ ನೋಡುತ್ತದೆ. `idiiot` ಬಂದರೆ i ಮತ್ತು t ನಡುವೆ d, i, i, o ಇವೆ, ಅಕ್ಕಪಕ್ಕದ ಪದಗಳೂ ಕೈಯಲ್ಲಿವೆ, ಊಹೆ ಕಷ್ಟವಲ್ಲ. ಊಹಿಸಲಾಗದ ಪದ ಬಂದರೆ? ಇದ್ದ ಹಾಗೇ ಒಳಗೆ ಬಿಡಬಹುದು, ಅಥವಾ `a` ಎಂಬಂಥ ನಿರುಪದ್ರವಿ ಪದ ಇಡಬಹುದು. ಇದ್ದ ಹಾಗೇ ಬಿಡುವುದೇ ಪ್ರಾಮಾಣಿಕ ಅನ್ನಿಸುತ್ತದೆ, ಆದರೆ ಹಾಗೆ ಬಿಟ್ಟಾಗ ಎದುರಾಳಿಗೆ ಬಗೆಬಗೆಯ ವಿಚಿತ್ರ ಪದಗಳನ್ನು ಒಳಗೆ ತೂರಿಸಿ ನೋಡುವ ಅವಕಾಶ ಸಿಗುತ್ತದೆ. ಎಲ್ಲವನ್ನೂ ಒಂದೇ ಸಪ್ಪೆ ಪದ ಮಾಡಿಬಿಟ್ಟರೆ ಅವನ ಕೈಕಟ್ಟಿದಂತೆ. ಈ ಕಾವಲಿನಿಂದ 45.8 ಇದ್ದದ್ದು ಶೇ. 75ಕ್ಕೆ ಏರಿತು. ಮತ್ತೆ 90 ಆಗಲಿಲ್ಲ ಎಂಬುದನ್ನೂ ಗಮನಿಸಬೇಕು.

ಇಷ್ಟೆಲ್ಲ ಕಾಣುವ ತಪ್ಪುಗಳ ಕತೆಯಾಯಿತು. ಕಾಣದವು ಬೇರೆ ಇವೆ. ಕೆಳಗಿನ ಎರಡು ಸಾಲನ್ನು ಪೈಥಾನ್‌ನಲ್ಲಿ ಓಡಿಸಿ ನೋಡಿ.

```
for c in "idiоt":
    print(c, hex(ord(c)))
```

ನಾಲ್ಕನೆಯ ಅಕ್ಷರದ ಎದುರು `0x6f` ಬರಬೇಕಿತ್ತು, `0x43e` ಬರುತ್ತದೆ. ಅದು ಇಂಗ್ಲಿಷಿನ o ಅಲ್ಲ, ರಷ್ಯನ್ ಲಿಪಿಯದು. ಕಣ್ಣಿಗೆ ವ್ಯತ್ಯಾಸವೇ ಇಲ್ಲ. ಮನುಷ್ಯ ಬರೆದದ್ದೋ ಯಂತ್ರ ಬರೆದದ್ದೋ ಎಂದು ಹೇಳುವ ಪತ್ತೆ ಮಾಡೆಲ್‌ಗಳನ್ನು 2020ರ ಒಂದು ಅಧ್ಯಯನ ಇದೇ ಉಪಾಯದಿಂದ ಪರೀಕ್ಷಿಸಿತು. ಆಗ ಜನಪ್ರಿಯವಾಗಿದ್ದ ಒಂದು ಪತ್ತೆ ಮಾಡೆಲ್ ಯಂತ್ರ ಬರೆದ ಪಠ್ಯಗಳಲ್ಲಿ ಶೇ. 97.44ರಷ್ಟನ್ನು ಹಿಡಿಯುತ್ತಿತ್ತು. ಕಾಗುಣಿತ ಕೆಡಿಸಿದಾಗ ಅದು 22.68ಕ್ಕೆ ಇಳಿಯಿತು, ಕೆಲವು ಅಕ್ಷರಗಳನ್ನು ಹೀಗೆ ಬೇರೆ ಲಿಪಿಯ ತದ್ರೂಪಿಗಳಿಂದ ಬದಲಿಸಿದಾಗ 0.26ಕ್ಕೆ.

ಇಲ್ಲಿ ತರಬೇತಿಗಿಂತ ತೊಳೆಯುವುದು ಮೇಲು. ಪಠ್ಯ ಜರಡಿಗೆ ಬೀಳುವ ಮೊದಲೇ ತದ್ರೂಪಿ ಅಕ್ಷರಗಳನ್ನು ಮೂಲಕ್ಕೆ ತಂದು, ಕಣ್ಣಿಗೆ ಕಾಣದ ಚಿಹ್ನೆಗಳನ್ನು ಕಿತ್ತುಹಾಕುವುದು. ಯೂನಿಕೋಡ್‌ನ ಮಾಮೂಲಿ ಶುದ್ಧೀಕರಣ ರಷ್ಯನ್ o ಅನ್ನು ಇಂಗ್ಲಿಷ್ o ಮಾಡುವುದಿಲ್ಲ. ಅದಕ್ಕೆ ತದ್ರೂಪಿಗಳ ಬೇರೆಯೇ ಪಟ್ಟಿ ಬಳಸಬೇಕು.

ಆದರೆ ಇಂಗ್ಲಿಷಿಗೆಂದು ಬರೆದ ಈ ತೊಳೆಯುವ ನಿಯಮ ಕನ್ನಡಕ್ಕೆ ಬಂದಾಗ ಬಟ್ಟೆಯ ಜತೆ ಬಣ್ಣವನ್ನೂ ತೊಳೆಯುತ್ತದೆ. ನಮ್ಮ ‘ಸಾಫ್ಟ್‌ವೇರ್’ ಪದದ ನಡುವೆ ಕಣ್ಣಿಗೆ ಕಾಣದ `U+200C` ಎಂಬ ಚಿಹ್ನೆ ಕೂತಿದೆ. ಅದನ್ನು ಕಿತ್ತರೆ ‘ಸಾಫ್ಟ್ವೇರ್’ ಆಗಿ ವ ಒತ್ತಾಗಿ ಕೆಳಗಿಳಿಯುತ್ತದೆ. ಒಂದು ಪದದಲ್ಲಿ ಎರಡು ಲಿಪಿ ಕಂಡರೆ ಅನುಮಾನಿಸು ಎಂಬುದು ಇನ್ನೊಂದು ನಿಯಮ. ಕನ್ನಡದ ಲ ಬದಲು ಅದೇ ರೂಪದ ತೆಲುಗು ల ಸೇರಿಸಿದವನನ್ನು ಅದು ಹಿಡಿಯುತ್ತದೆ ನಿಜ, ಆದರೆ ‘PDFನಲ್ಲಿ’ ಎಂದು ಬರೆದ ಪಾಪದವನನ್ನೂ ಹಿಡಿಯುತ್ತದೆ.

ತರಬೇತಿಯಲ್ಲೂ ಇದೇ ತೊಡಕು. ‘ಪಕ್ಕದಕ್ಷರ ಅದಲುಬದಲು ಮಾಡು, ಗುರುತು ಹಾಗೇ ಇರಲಿ’ ಎಂಬ ಇಂಗ್ಲಿಷ್ ಸೂತ್ರವನ್ನು ‘ಕತ್ತೆ’ಯ ಮೇಲೆ ಓಡಿಸಿ. ಕಂಪ್ಯೂಟರಿಗೆ ಅದು ಎರಡಕ್ಷರವಲ್ಲ, ಐದು ಸಂಕೇತ: ಕ, ತ, ವಿರಾಮ, ತ, ಎತ್ವ. ಎರಡನೆಯದನ್ನೂ ಮೂರನೆಯದನ್ನೂ ಬದಲಿಸಿದರೆ ಬರುವುದು ‘ಕ್ತತೆ’. ಯಾವ ಕನ್ನಡಿಗನಿಗೂ ಅದು ಕತ್ತೆಯಾಗಿ ಕಾಣದು. ಕೊನೆಯ ಎತ್ವ ಗುಡಿಸಾದರೆ ‘ಕತ್ತಿ’, ಒಂದು ಒತ್ತು ಬಿಟ್ಟರೆ ‘ಕತೆ’. ‘ದಡ್ಡ’ನಿಗೂ ‘ದೊಡ್ಡ’ವನಿಗೂ ನಡುವೆ ಇರುವುದು ಒಂದು ಸ್ವರಚಿಹ್ನೆ. ಇವಕ್ಕೆಲ್ಲ ‘ಬೈಗುಳ’ ಎಂಬ ಗುರುತು ಹಚ್ಚಿ ಓದಿಸಿದರೆ ಮಾಡೆಲ್ ಗಟ್ಟಿಯಾಗುವ ಬದಲು ಅಕ್ಕಪಕ್ಕದ ಸಜ್ಜನ ಪದಗಳ ಮೇಲೆಲ್ಲ ಎರಗಲು ಕಲಿಯುತ್ತದೆ.

ಕಲಿಸಿದ ಪಟ್ಟಿನ ಆಚೆಗೂ ಪಟ್ಟುಗಳಿವೆ. 2018ರಲ್ಲಿ ಫಿನ್ಲೆಂಡಿನ ಆಲ್ಟೊ ಮತ್ತು ಇಟಲಿಯ ಪಡುವಾ ವಿಶ್ವವಿದ್ಯಾಲಯಗಳ ಸಂಶೋಧಕರು ದ್ವೇಷದ ಮಾತು ಹಿಡಿಯುವ ಏಳು ಮಾಡೆಲ್‌ಗಳನ್ನು ಮತ್ತೆ ಕಟ್ಟಿ ನೋಡಿದರು. ಪದಗಳ ನಡುವಿನ ಜಾಗ ಅಳಿಸಿ, ಕೊನೆಗೆ `love` ಎಂಬ ಪದ ಸೇರಿಸಿದಾಗ ಪದ ನೆಚ್ಚಿಕೊಂಡವು ಮುಗ್ಗರಿಸಿದವು. ಇಡೀ ವಾಕ್ಯ ಗೊತ್ತಿಲ್ಲದ ಒಂದು ಉದ್ದ ಪದವಾಗಿ, ಗೊತ್ತಿರುವ ಪದವಾಗಿ ಪ್ರೀತಿಯೊಂದೇ ಉಳಿಯಿತು. ಎದುರಾಳಿ ತರಬೇತಿ ಇದನ್ನು ಪೂರ್ತಿ ತಡೆಯಲಿಲ್ಲ. ಅಕ್ಷರ ಅಕ್ಷರವಾಗಿ ಓದುವ ಮಾಡೆಲ್‌ಗಳು ಮಾತ್ರ ಹೆಚ್ಚು ತಾಳಿಕೊಂಡವು.

ಹಾಗಾಗಿ ‘ನಮ್ಮ ಜರಡಿ ಗಟ್ಟಿಯಾಗಿದೆ’ ಎಂದು ಯಾರಾದರೂ ಹೇಳಿದರೆ ನಾನು ಎರಡು ಅಂಕ ಕೇಳುತ್ತೇನೆ. ತರಬೇತಿಯಲ್ಲಿ ಎಲ್ಲೂ ತೋರಿಸದ ಬಗೆಯ ತಿದ್ದುಪಡಿಗೆ ಅದು ಎಷ್ಟು ನಿಂತಿತು ಎಂಬುದೊಂದು. ಬೈಗುಳವೇ ಇಲ್ಲದ ಕಾಮೆಂಟುಗಳಲ್ಲಿ ಎಷ್ಟನ್ನು ತಪ್ಪಾಗಿ ಅಳಿಸಿತು ಎಂಬುದು ಇನ್ನೊಂದು. ನಮ್ಮಲ್ಲಿ ಎರಡನೆಯದೇ ಮುಖ್ಯ ಎಂದು ನನ್ನ ಎಣಿಕೆ. ಕನ್ನಡದ ಕಾಮೆಂಟುಗಳಲ್ಲಿ ಎಷ್ಟೋ ಇಂಗ್ಲಿಷ್ ಅಕ್ಷರದಲ್ಲೇ ಇರುತ್ತವೆ, ಅಲ್ಲಿ ‘ಕತ್ತೆ’ಯನ್ನು `katte`, `kathe`, `kaththe` ಎಂದು ಯಾರೂ ಮೋಸದ ಯೋಚನೆಯಿಲ್ಲದೆಯೇ ಬರೆಯುತ್ತಾರೆ. ಈ ಮೂರನ್ನೂ ಹಿಡಿಯಲು ಕಲಿತ ಜರಡಿಗೆ ‘`aralikatte mele kootu ajji kathe helidru`’ ಎಂಬ ಸಾಲು ಕೊಟ್ಟು ನೋಡಬೇಕು. ಅರಳೀಕಟ್ಟೆ ಮೇಲೆ ಕೂತು ಕತೆ ಹೇಳಿದ ಅಜ್ಜಿಯ ಲೆಕ್ಕಕ್ಕೆ ಅದು ಎರಡು ಕತ್ತೆ ಬರೆಯುತ್ತದೋ ಇಲ್ಲವೋ.