ಮಾಡೆಲ್ ಕೆಲಸಕ್ಕೆ ಹೋದ ಮೇಲೆ

ಯಾವ ಸಿನಿಮಾಕ್ಕೆ ಯಾವ ವೀಕ್ಷಕ ಎಷ್ಟು ಸ್ಟಾರ್ ಕೊಡುತ್ತಾನೆ ಎಂಬುದನ್ನು ತನ್ನ ವ್ಯವಸ್ಥೆಗಿಂತ ಶೇ 10ರಷ್ಟು ಚೆನ್ನಾಗಿ ಊಹಿಸಿದವರಿಗೆ 10 ಲಕ್ಷ ಡಾಲರ್ ಕೊಡುತ್ತೇನೆಂದು 2006ರಲ್ಲಿ ನೆಟ್‌ಫ್ಲಿಕ್ಸ್ ಸಾರಿತು. 2009ರಲ್ಲಿ ಒಂದು ತಂಡ ಗೆದ್ದಿತು, ಹಣವೂ ಸಂದಿತು. ಆದರೆ ಗೆದ್ದ ಮಾಡೆಲ್ ಪೂರ್ಣ ರೂಪದಲ್ಲಿ ಬಳಕೆಗೆ ಬರಲೇ ಇಲ್ಲ. ಅದನ್ನು ನಿಜವಾದ ಸೇವೆಯೊಳಗೆ ಕೂರಿಸುವ ಶ್ರಮಕ್ಕೆ ತಕ್ಕಷ್ಟು ಲಾಭ ಕಾಣಲಿಲ್ಲ ಎಂದು ಕಂಪನಿಯ ಎಂಜಿನಿಯರ್‌ಗಳೇ 2012ರಲ್ಲಿ ಬರೆದರು.

ಮಷೀನ್ ಲರ್ನಿಂಗ್ ಕಲಿತು ಕೆಲಸ ಹುಡುಕುವವರ ರೆಸ್ಯೂಮೆಗಳನ್ನು ನೋಡಿದರೆ ಈ ಕಥೆ ನೆನಪಾಗುತ್ತದೆ. ಟೈಟಾನಿಕ್ ಹಡಗಿನಲ್ಲಿ ಯಾರು ಬದುಕುಳಿದರು, ಮನೆಗೆ ಎಷ್ಟು ಬೆಲೆ, ಕೈಬರಹದ ಅಂಕಿ ಯಾವುದು ಎಂಬ ಅದೇ ಕೋರ್ಸ್ ಪ್ರಾಜೆಕ್ಟ್‌ಗಳು, ಕೊನೆಗೆ ‘ನಿಖರತೆ ಶೇ 94’ ಎಂಬ ಸಾಲು. ಕಲಿಯಲು ಅವು ಒಳ್ಳೆಯವೇ. ಆದರೆ ಕೋರ್ಸ್‌ನಲ್ಲಿ ಡೇಟಾವನ್ನು ಯಾರೋ ಸೋಸಿ ಕೊಟ್ಟಿರುತ್ತಾರೆ, ಉತ್ತರವೂ ಅದರೊಳಗೇ ಇರುತ್ತದೆ. ಕಂಪನಿಯಲ್ಲಿ ಎರಡೂ ಸಿಗುವುದಿಲ್ಲ. ವ್ಯತ್ಯಾಸ ಎಲ್ಲಿದೆ ಎಂದು ತಿಳಿಯಲು ಒಂದು ಕೆಲಸವನ್ನು ಕೊನೆಯವರೆಗೆ ಹಿಂಬಾಲಿಸೋಣ. ಕೆಳಗಿನ ಅಂಕಿಗಳು ಲೆಕ್ಕ ತೋರಿಸಲು ನಾನೇ ಇಟ್ಟುಕೊಂಡವು.

ಆನ್‌ಲೈನ್‌ನಲ್ಲಿ ಬಟ್ಟೆ ಮಾರುವ ಒಂದು ಕಂಪನಿ. ಕ್ಯಾಶ್ ಆನ್ ಡೆಲಿವರಿಯಲ್ಲಿ ದಿನಕ್ಕೆ 10,000 ಆರ್ಡರ್ ಬರುತ್ತವೆ. ಅದರಲ್ಲಿ 2,000 ಪಾರ್ಸೆಲ್‌ಗಳನ್ನು ಬಾಗಿಲಲ್ಲೇ ‘ಬೇಡ’ ಎಂದು ಹಿಂದಕ್ಕೆ ಕಳಿಸುತ್ತಾರೆ. ಹೋಗಿಬರುವ ಸಾಗಣೆಗೆ ಪ್ರತಿಯೊಂದಕ್ಕೂ 160 ರೂಪಾಯಿ ನಷ್ಟ. ಯಾವ ಆರ್ಡರ್ ವಾಪಸ್ ಬರುತ್ತದೆಂದು ಮೊದಲೇ ಊಹಿಸಿ, ಅಂಥವರಿಗೆ ಮುಂಗಡ ಪಾವತಿ ಮಾತ್ರ ತೋರಿಸುವುದು ಮಾಡೆಲ್‌ನ ಕೆಲಸ.

ಇಲ್ಲಿ ನಿಖರತೆಯ ಅಂಕ ಮೊದಲ ಹೆಜ್ಜೆಯಲ್ಲೇ ಕೈಕೊಡುತ್ತದೆ. ‘ಯಾವುದೂ ವಾಪಸ್ ಬರುವುದಿಲ್ಲ’ ಎಂದು ಕಣ್ಣು ಮುಚ್ಚಿ ಹೇಳಿದರೂ ಶೇ 80ರಷ್ಟು ಸರಿ! ಹಾಗಾಗಿ ಎಂಜಿನಿಯರ್ ಹಣದ ಲೆಕ್ಕಕ್ಕೆ ಬರಬೇಕು. ಊಹೆ ಸರಿಯಾದರೆ 160 ರೂಪಾಯಿ ಉಳಿಯಿತು. ತಪ್ಪಾದರೆ, ಪ್ರಾಮಾಣಿಕ ಗಿರಾಕಿಯೊಬ್ಬರಿಗೆ ಕ್ಯಾಶ್ ಸೌಲಭ್ಯ ತಪ್ಪಿಸಿದಂತಾಯಿತು. ಅಂಥವರಲ್ಲಿ ಅರ್ಧ ಜನ ಕೊಳ್ಳದೆ ಹೊರಟುಹೋಗುತ್ತಾರೆ, ಒಂದು ಆರ್ಡರಿನ ಲಾಭ 200 ರೂಪಾಯಿ ಎಂದರೆ, ಪ್ರತಿ ತಪ್ಪಿಗೆ ಸರಾಸರಿ 100 ರೂಪಾಯಿ ಪೆಟ್ಟು. ಎರಡನ್ನೂ ತೂಗಿದರೆ, ವಾಪಸಾಗುವ ಸಾಧ್ಯತೆ ಸುಮಾರು ಶೇ 38 ದಾಟಿದ ಆರ್ಡರ್‌ಗಳನ್ನು ಮಾತ್ರ ತಡೆಯುವುದು ಲಾಭ. ಕೋರ್ಸ್‌ಗಳಲ್ಲಿ ಸುಮ್ಮನೆ ಶೇ 50 ಎಂದು ಬಿಟ್ಟುಬಿಡುವ ಈ ಗೆರೆಯನ್ನು ನಿಜವಾದ ಕೆಲಸದಲ್ಲಿ ಹೀಗೆ ವ್ಯಾಪಾರದ ಲೆಕ್ಕದಿಂದಲೇ ಎಳೆಯಬೇಕು. ಮಾಡೆಲ್ ಹೇಳುವ ಶೇ 38 ವಾಸ್ತವದಲ್ಲೂ ಶೇ 38 ಆಗಿದೆಯೇ ಎಂದು ಹಳೆಯ ಆರ್ಡರ್‌ಗಳ ಮೇಲೆ ತಾಳೆ ನೋಡದಿದ್ದರೆ ಗೆರೆಗೂ ಅರ್ಥವಿಲ್ಲ.

ಮುಂದಿನ ತೊಡಕು ಡೇಟಾದ ಒಳಗೇ ಅಡಗಿರುತ್ತದೆ. ‘ಈ ಗಿರಾಕಿ ಈವರೆಗೆ ಎಷ್ಟು ಬಾರಿ ವಾಪಸ್ ಮಾಡಿದ್ದಾರೆ’ ಎಂಬುದು ಬಲವಾದ ಸುಳಿವು. ಹಳೆಯ ಆರ್ಡರ್‌ಗಳಿಂದ ಮಾಡೆಲ್‌ಗೆ ಕಲಿಸುವಾಗ ಈ ಸಂಖ್ಯೆಯನ್ನು ಇಂದಿನ ಕೋಷ್ಟಕದಿಂದ ತೆಗೆದುಕೊಂಡರೆ, ಊಹಿಸಬೇಕಾದ ಆ ವಾಪಸಾತಿಯೂ ಅದರಲ್ಲಿ ಸೇರಿರುತ್ತದೆ. ಪ್ರಶ್ನೆಪತ್ರಿಕೆಯ ಜೊತೆಗೇ ಉತ್ತರವನ್ನೂ ಕೊಟ್ಟ ಹಾಗೆ. ಪರೀಕ್ಷೆಯಲ್ಲಿ ಬೆರಗಾಗುವಷ್ಟು ಅಂಕ, ಹೊಸ ಆರ್ಡರ್‌ಗಳ ಮುಂದೆ ದಿಢೀರ್ ಕುಸಿತ. ಆದ್ದರಿಂದ ಪ್ರತಿ ಆರ್ಡರ್ ಬಂದ ಕ್ಷಣದಲ್ಲಿ ಏನು ಗೊತ್ತಿತ್ತೋ ಅಷ್ಟನ್ನೇ ಕೊಟ್ಟು ಕಲಿಸಬೇಕು. ಇದನ್ನು ಖಚಿತಪಡಿಸಿಕೊಳ್ಳಲು ಅನುಭವಿಗಳು ಕೆಲವು ವಾರ ಮಾಡೆಲ್ ಅನ್ನು ತೆರೆಮರೆಯಲ್ಲಿ ಓಡಿಸುತ್ತಾರೆ. ಅದು ಪ್ರತಿ ಆರ್ಡರ್‌ಗೂ ಊಹೆ ಬರೆದಿಡುತ್ತದೆ, ಗಿರಾಕಿಗೆ ಮಾತ್ರ ಏನೂ ಬದಲಾಗುವುದಿಲ್ಲ.

ಆಮೇಲೆ ನಿಜವಾದ ಪರೀಕ್ಷೆ. ಗಿರಾಕಿಗಳನ್ನು ಯಾದೃಚ್ಛಿಕವಾಗಿ ಎರಡು ಪಾಲು ಮಾಡಿ, ಒಂದು ಪಾಲಿಗೆ ಮಾಡೆಲ್ ಹಚ್ಚಿ, ಇನ್ನೊಂದನ್ನು ಹಳೆಯ ಪದ್ಧತಿಯಲ್ಲೇ ಬಿಡುತ್ತಾರೆ. ದಿನದ 10,000 ಆರ್ಡರ್‌ಗಳಲ್ಲಿ ಮಾಡೆಲ್ 500ನ್ನು ತಡೆದು, ಅದರಲ್ಲಿ 300 ಸರಿಯಾಗಿದ್ದರೆ ಉಳಿದದ್ದು 48,000 ರೂಪಾಯಿ. ತಪ್ಪಾದ 200ರಲ್ಲಿ 100 ಗಿರಾಕಿಗಳು ಕೈಬಿಟ್ಟರೆ ಹೋದದ್ದು 20,000. ನಿವ್ವಳ 28,000. ವಾಪಸಾತಿ ಎಷ್ಟು ಇಳಿಯಿತು ಎಂದಷ್ಟೇ ಹೇಳಿ ಕಳೆದುಕೊಂಡ ಗಿರಾಕಿಗಳನ್ನು ಮುಚ್ಚಿಡುವವರ ಲೆಕ್ಕವನ್ನು ನಾನು ನಂಬುವುದಿಲ್ಲ.

ಮಾಡೆಲ್ ಚಾಲನೆಗೆ ಬಂದಿತು ಎಂದಾಕ್ಷಣ ಕೆಲಸ ಮುಗಿಯುವುದಿಲ್ಲ. ಸಾಮಾನ್ಯ ಸಾಫ್ಟ್‌ವೇರ್ ಕೆಟ್ಟರೆ ಹೆಚ್ಚಾಗಿ ನಿಂತುಹೋಗುತ್ತದೆ, ಎಲ್ಲರಿಗೂ ಗೊತ್ತಾಗುತ್ತದೆ. ಮಾಡೆಲ್ ಕೆಟ್ಟರೂ ಓಡುತ್ತಲೇ ಇರುತ್ತದೆ. ಆ್ಯಪ್ ತಂಡದವರು ವಿಳಾಸದ ಫಾರ್ಮ್ ಬದಲಿಸುತ್ತಾರೆ ಎಂದುಕೊಳ್ಳಿ. ಅಂದಿನಿಂದ ಪಿನ್‌ಕೋಡ್ ಖಾಲಿ ಬರತೊಡಗುತ್ತದೆ. ಖಾಲಿ ಜಾಗಕ್ಕೆ ಮಾಡೆಲ್ ಸರಾಸರಿ ಬೆಲೆ ತುಂಬಿಕೊಂಡು ಎಂದಿನಂತೆ ಊಹಿಸುತ್ತದೆ, ಎಲ್ಲೂ ದೋಷ ಸೂಚನೆ ಬರುವುದಿಲ್ಲ. ಇನ್ನು, ಊಹೆ ಸರಿಯೋ ತಪ್ಪೋ ತಿಳಿಯಬೇಕಾದರೆ ಪಾರ್ಸೆಲ್ ಬಾಗಿಲು ಮುಟ್ಟಬೇಕು, ವಾಪಸ್ ಬರಬೇಕು. ಅಷ್ಟರಲ್ಲಿ ವಾರ, ಹತ್ತು ದಿನ ಕಳೆದಿರುತ್ತದೆ.

ಆದ್ದರಿಂದ ಉತ್ತರಕ್ಕೆ ಕಾಯದೆ ಒಳಬರುವುದನ್ನೂ ಹೊರಹೋಗುವುದನ್ನೂ ದಿನವೂ ನೋಡಬೇಕು: ಖಾಲಿ ಪಿನ್‌ಕೋಡ್‌ಗಳು ಶೇಕಡಾ ಎಷ್ಟು, ಮಾಡೆಲ್ ತಡೆದ ಆರ್ಡರ್‌ಗಳು ಎಷ್ಟು. ಎಂದಿನ ಶೇ 5 ಇದ್ದಕ್ಕಿದ್ದಂತೆ ಶೇ 11 ಆದರೆ ಎಚ್ಚರಿಕೆಯ ಸಂದೇಶ ಹೋಗಬೇಕು. ಹಾಗೆಂದು ಪ್ರತಿ ಏರಿಳಿತವೂ ದೋಷವಲ್ಲ. ದೀಪಾವಳಿ ಮಾರಾಟದಲ್ಲಿ ಹೊಸ ಗಿರಾಕಿಗಳು ನುಗ್ಗಿದರೂ ಅಂಕಿ ಬದಲಾಗುತ್ತದೆ. ಯಾವುದು ಡೇಟಾ ಕೊಳವೆಯ ಸೋರಿಕೆ, ಯಾವುದು ಜನರ ನಡವಳಿಕೆಯ ಬದಲಾವಣೆ ಎಂದು ಬಿಡಿಸಿ ಹೇಳಬಲ್ಲವರೇ ಅನುಭವಿಗಳು.

ಇನ್ನೊಂದು ಸೂಕ್ಷ್ಮವಿದೆ. ತಡೆದ ಆರ್ಡರ್ ನಿಜಕ್ಕೂ ವಾಪಸ್ ಬರುತ್ತಿತ್ತೇ ಎಂಬುದು ಎಂದಿಗೂ ತಿಳಿಯುವುದಿಲ್ಲ. ಮಾಡೆಲ್ ತನ್ನ ತಪ್ಪಿನ ಸಾಕ್ಷ್ಯವನ್ನು ತಾನೇ ಅಳಿಸಿಹಾಕುತ್ತದೆ. ಅದಕ್ಕಾಗಿ, ತಡೆಯಬೇಕೆಂದು ಅದು ಹೇಳಿದ ಆರ್ಡರ್‌ಗಳಲ್ಲೂ ನೂರಕ್ಕೆ ಐದನ್ನು ಬೇಕೆಂದೇ ಬಿಟ್ಟು ನೋಡಬೇಕು. ಆ ಐದರಿಂದ ಸ್ವಲ್ಪ ನಷ್ಟ ಖಂಡಿತ. ಆದರೆ ಮುಂದಿನ ಮಾಡೆಲ್‌ಗೆ ಕಲಿಸಲು ನಿಜವಾದ ಉತ್ತರ ಸಿಗುವುದು ಅಲ್ಲಿಂದಲೇ.

ಇಷ್ಟು ಮಾಡಿದವರ ರೆಸ್ಯೂಮೆ ಹೀಗಿರಬಹುದು: ‘ಕ್ಯಾಶ್ ಆನ್ ಡೆಲಿವರಿ ವಾಪಸಾತಿಯನ್ನು ಊಹಿಸುವ ಮಾಡೆಲ್ ಅನ್ನು ಎಂಟು ವಾರದ ಹೋಲಿಕೆ ಪರೀಕ್ಷೆಯ ನಂತರ ಚಾಲನೆಗೆ ತಂದೆ. ವಾಪಸಾತಿ ಶೇ 20ರಿಂದ 17ಕ್ಕೆ ಇಳಿಯಿತು, ಆರ್ಡರ್ ಶೇ 1 ಕಡಿಮೆಯಾಯಿತು. ದೈನಂದಿನ ನಿಗಾ ವ್ಯವಸ್ಥೆ ನನ್ನದು, ಸರ್ವರ್ ಕೆಲಸ ಬೇರೆ ತಂಡದ್ದು.’ ಕೊನೆಯ ವಾಕ್ಯ ಬಹಳ ಮುಖ್ಯ. ತಂಡದ ಗೆಲುವನ್ನೆಲ್ಲ ತನ್ನದೆಂದು ಬರೆದವರು ಸಂದರ್ಶನದ ಎರಡನೇ ಪ್ರಶ್ನೆಗೇ ಸಿಕ್ಕಿಬೀಳುತ್ತಾರೆ. ಕಂಪನಿಯ ಗುಟ್ಟಿನ ಅಂಕಿಗಳಿದ್ದರೆ ರೂಪಾಯಿ ಬಿಟ್ಟು ಶೇಕಡಾವಾರು ಬರೆಯಬಹುದು, ಅದಕ್ಕೂ ಅನುಮತಿ ಇದ್ದರೆ ಮಾತ್ರ.

ಇನ್ನೂ ಕೆಲಸವೇ ಸಿಗದವರು ಏನು ಮಾಡಬೇಕು? ಅವರಿಗೂ ದಾರಿಯಿದೆ. ಮಾರುಕಟ್ಟೆಗಳ ದಿನದ ಆವಕ ಮತ್ತು ದರಗಳನ್ನು ಕೇಂದ್ರ ಸರ್ಕಾರದ ಅಗ್‌ಮಾರ್ಕ್‌ನೆಟ್ ಪ್ರಕಟಿಸುತ್ತದೆ. ಕೋಲಾರ ಮಾರುಕಟ್ಟೆಯ ಟೊಮೆಟೊ ದರವನ್ನೇ ಆರಿಸಿಕೊಳ್ಳಿ. ಮರುದಿನದ ದರವನ್ನು ಊಹಿಸುವ ಪುಟ್ಟ ಪ್ರೋಗ್ರಾಂ ದಿನವೂ ತಾನಾಗಿ ಓಡಲಿ, ಊಹೆ ದಿನಾಂಕದೊಂದಿಗೆ ದಾಖಲಾಗಲಿ. ‘ನಾಳೆಯೂ ಇಂದಿನ ದರವೇ’ ಎಂಬ ಸರಳ ಊಹೆಯನ್ನು ಪಕ್ಕದಲ್ಲಿ ಬರೆದಿಡಿ. ಅದನ್ನು ಸೋಲಿಸುವುದು ಎಣಿಸಿದಷ್ಟು ಸುಲಭವಲ್ಲ. ದರ ಪ್ರಕಟವಾಗದ ದಿನ, ಮಳೆಗೆ ಆವಕ ಕುಸಿದ ದಿನ ಪ್ರೋಗ್ರಾಂ ಏನು ಮಾಡಿತು ಎಂದೂ ಬರೆಯಿರಿ. ಮೂರು ತಿಂಗಳು ಹೀಗೆ ಓಡಿಸಿ, ಊಹೆ ತಪ್ಪಿದ ದಿನಗಳನ್ನೂ ಅಳಿಸದೆ ಇಟ್ಟು, ಆ ದಾಖಲೆಯನ್ನೇ ಸಂದರ್ಶನಕ್ಕೆ ಒಯ್ಯಿರಿ.